ಮಗುವಿನ ರಜಾ ಅರ್ಜಿ: ಪಾಲಕರು ತರಗತಿ ಶಿಕ್ಷಕರಿಗೆ ಬರೆಯುವ ಬಗೆ



ಬರುವ ಫೆಬ್ರವರಿ 1, 2026ರ ಭಾನುವಾರ ಭಾರತ ಹುಣ್ಣಿಮೆ. ವಾಸ್ಕೋ, ಬೈನಾ, ಝುವಾರಿನಗರ, ಮಡಗಾಂವ್, ಮಾಪುಸಾ ಕಡೆಯ ನಮ್ಮ ಅನೇಕ ಕುಟುಂಬಗಳು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ದಿನಗಳಿವು. ಹಿರಿಯರು ಹೊರಟ ಮೇಲೆ ಶಾಲೆಗೆ ಹೋಗುವ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗಲು ಆಗುವುದಿಲ್ಲ. ಆದರೆ ಗೋವಾದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಚೌತಿಗೆ, ದೀಪಾವಳಿಗೆ, ಕ್ರಿಸ್‌ಮಸ್‌ಗೆ. ನಮ್ಮ ಹುಣ್ಣಿಮೆಗೆ ಶಾಲೆ ನಡೆದೇ ಇರುತ್ತದೆ. ಆದ್ದರಿಂದ ಪ್ರತಿ ವರ್ಷ ಜನವರಿ ಕೊನೆಗೆ ಸಂಘದ ಕಚೇರಿಗೆ ಬಂದು, "ಸರ್, ಸಾಲಿಗೆ ಒಂದು ಸೂಟಿ ಅರ್ಜಿ ಬರದು ಕೊಡ್ರಿ" ಎಂದು ಕೇಳುವವರು ಹೆಚ್ಚುತ್ತಾರೆ. ಬರೆದುಕೊಡಲು ನನಗೆ ಬೇಸರವಿಲ್ಲ. ಆದರೆ ಪ್ರತಿಯೊಬ್ಬ ಪಾಲಕರೂ ತಾವೇ ಬರೆಯಬಹುದಾದ ಕಾಗದವಿದು. ಅದಕ್ಕಾಗಿ ಈ ಬಾರಿ ಅದರ ಕ್ರಮವನ್ನು ಇಲ್ಲಿ ವಿವರವಾಗಿ ಕೊಡುತ್ತಿದ್ದೇನೆ.

ಮೊದಲು ಈ ಕಾಗದ ಯಾಕೆ ಬೇಕು ಎಂಬುದನ್ನು ಒಂದು ನಡೆದ ಸಂಗತಿಯಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರು ದೀಪಾವಳಿ ರಜೆಗೆ ಊರಿಗೆ ಹೋದವರು ಹೊಲದ ಕೆಲಸಕ್ಕೆಂದು ಅಲ್ಲಿಯೇ ಉಳಿದರು. ಮೂರನೇ ತರಗತಿಯ ಮಗ ಅವರ ಜೊತೆಯಲ್ಲಿದ್ದ. ತಿರುಗಿ ಬಂದಾಗ ಶಾಲೆ ಆರಂಭವಾಗಿ ಐದು ವಾರ ಕಳೆದಿತ್ತು. ಹುಡುಗ ಶಾಲೆಗೆ ಹೋದರೆ ಹಾಜರಿ ಕರೆಯುವಾಗ ಅವನ ಹೆಸರು ಬರಲಿಲ್ಲ. ಕುಟುಂಬ ಊರು ಬಿಟ್ಟು ಹೋಗಿದೆ ಎಂದು ತಿಳಿದು ಹೊಸ ತಿಂಗಳ ಹಾಜರಿ ಪುಟದಲ್ಲಿ ಅವನ ಹೆಸರನ್ನು ಬರೆದಿರಲಿಲ್ಲ. "ಅಕ್ಕೋರಿಗೆ ಬಾಯಿಲೆ ಹೇಳೇ ಹೋಗಿದ್ವಿರಿ" ಎಂದು ತಾಯಿ ನನ್ನ ಮುಂದೆ ಕಣ್ಣೀರು ಹಾಕಿದರು. ಅವರು ಹೇಳಿದ್ದು ನಿಜವೇ ಇತ್ತು. ಆದರೆ ಅವರು ಹೇಳಿದ ಅಕ್ಕೋರು ಅಷ್ಟರಲ್ಲಿ ಬೇರೆ ಶಾಲೆಗೆ ಹೋಗಿದ್ದರು. ಹೊಸದಾಗಿ ಬಂದವರಿಗೆ ಆ ಮಾತು ಗೊತ್ತಿರಲಿಲ್ಲ, ಗೊತ್ತಾಗಲು ಒಂದು ಚೀಟಿಯೂ ಇರಲಿಲ್ಲ. ಕೊನೆಗೆ ಹೆಸರು ಸೇರಿತು, ಯಾರೂ ಹುಡುಗನನ್ನು ಹೊರಗೆ ಹಾಕಲಿಲ್ಲ. ಆದರೆ ಆ ಹತ್ತು ಹನ್ನೆರಡು ದಿನ ತನ್ನ ಹೆಸರಿಲ್ಲದ ತರಗತಿಯಲ್ಲಿ ಅವನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಮುಂದೆ ಬಹಳ ದಿನ ಶಾಲೆಗೆ ಹೋಗಲು ಹಟ ಮಾಡುತ್ತಿದ್ದ ಎಂದು ತಾಯಿ ಹೇಳಿದರು.

ದುಡಿಮೆಗಾಗಿ ಊರು ಬಿಟ್ಟು ಬಂದ ನಮ್ಮಂಥವರ ಮಕ್ಕಳು ನಾಲ್ಕು ದಿನ ಕಾಣದಿದ್ದರೆ, ಇವರು ಮನೆ ಖಾಲಿ ಮಾಡಿ ಹೋದರೇನೋ ಎಂಬ ಸಂಶಯ ಶಾಲೆಗೆ ಬರುವುದು ಸಹಜ. ಹಾಗೆ ಹೋದವರೂ ಇದ್ದಾರೆ. ಆ ಸಂಶಯಕ್ಕೆ ಉತ್ತರವೇ ರಜಾ ಅರ್ಜಿ. ಮಗು ಬರುವುದಿಲ್ಲ ಎಂದು ತಿಳಿಸುವುದು ಅದರ ಅರ್ಧ ಕೆಲಸ. ಇಂಥ ದಿನ ಮಗು ತಿರುಗಿ ಬರುತ್ತದೆ ಎಂದು ಬರವಣಿಗೆಯಲ್ಲಿ ಕೊಡುವುದು ಉಳಿದ ಅರ್ಧ. ನಾನು ನೋಡಿದ ಹೆಚ್ಚಿನ ಅರ್ಜಿಗಳಲ್ಲಿ ಈ ಎರಡನೆಯ ಅರ್ಧವೇ ಇರುವುದಿಲ್ಲ.

ಪುಸ್ತಕದ ಮಾದರಿ ಪಾಲಕರಿಗೆ ಹೊಂದುವುದಿಲ್ಲ

ಕಳೆದ ವಾರ ಬಂದ ತಂದೆಯೊಬ್ಬರು ಮೊಬೈಲಿನಲ್ಲಿ ಸಿಕ್ಕ ಮಾದರಿಯನ್ನು ನೋಡಿ ಚೆಂದದ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದರು. ಅದರಲ್ಲಿ "ನಾನು ನಿಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದು" ಎಂದು ಆರಂಭವಾಗಿ, "ಇಂತಿ ತಮ್ಮ ವಿಧೇಯ ವಿದ್ಯಾರ್ಥಿ" ಎಂದು ಮುಗಿದು, ಕೆಳಗೆ ತಂದೆಯ ಸಹಿ ಇತ್ತು. ಓದಿದ ಮೇಲೆ ಅವರೂ ನಕ್ಕರು, ನಾನೂ ನಕ್ಕೆ. ತಪ್ಪು ಅವರದಲ್ಲ. ವ್ಯಾಕರಣ ಪುಸ್ತಕಗಳಲ್ಲಿ ಪತ್ರಲೇಖನಕ್ಕೆ ಸಾಮಾನ್ಯವಾಗಿ ಕೊಡುವುದು ವಿದ್ಯಾರ್ಥಿ ಮುಖ್ಯೋಪಾಧ್ಯಾಯರಿಗೆ ಬರೆಯುವ ರಜಾ ಅರ್ಜಿಯನ್ನು. ಪರೀಕ್ಷೆಯಲ್ಲಿ ಬರೆಯುವುದು ವಿದ್ಯಾರ್ಥಿಯಾದ್ದರಿಂದ ಅಲ್ಲಿ ಅದು ಸರಿ.

ಪಾಲಕರು ಬರೆಯುವಾಗ ಮೂರು ಜಾಗಗಳಲ್ಲಿ ಮಾತು ಬದಲಾಗಬೇಕು. "ಇಂದ" ಎಂಬಲ್ಲಿ ಪಾಲಕರ ಹೆಸರು ಬರಬೇಕು. ಒಳಗಿನ ಒಕ್ಕಣೆಯಲ್ಲಿ "ನಾನು" ಎಂದರೆ ತಂದೆ ಅಥವಾ ತಾಯಿ, ಮಗು "ನನ್ನ ಮಗಳು" ಅಥವಾ "ನನ್ನ ಮಗ". ಕೊನೆಯಲ್ಲಿ "ವಿಧೇಯ ವಿದ್ಯಾರ್ಥಿ" ಹೋಗಿ "ತಮ್ಮ ವಿಶ್ವಾಸಿ" ಬರಬೇಕು. ಬರೆದು ಮುಗಿಸಿದ ಮೇಲೆ ಪತ್ರದಲ್ಲಿ "ನಾನು, ನನಗೆ, ನನ್ನ" ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ನಿಮ್ಮನ್ನೇ ಇಟ್ಟು ಓದಿ ನೋಡಿರಿ. "ನನಗೆ ಜ್ವರ ಬಂದಿರುವುದರಿಂದ" ಎಂದು ಇದ್ದರೆ ಜ್ವರ ನಿಮಗೆ ಬಂದಂತಾಯಿತು, ಮಗು ಏಕೆ ಶಾಲೆಗೆ ಬರಲಿಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಒಂದು ಅರ್ಜಿ, ಪೂರ್ತಿಯಾಗಿ

ಈಗ ಭಾರತ ಹುಣ್ಣಿಮೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವಾಸ್ಕೋದ ಒಂದು ಕುಟುಂಬ. ಮಗಳು ಕನ್ನಡ ಮಾಧ್ಯಮದ ನಾಲ್ಕನೇ ತರಗತಿಯಲ್ಲಿದ್ದಾಳೆ. ಜನವರಿ 30ರ ಶುಕ್ರವಾರ ರೈಲು ಹತ್ತಿ ಲೋಂಡಾ ಮಾರ್ಗವಾಗಿ ಧಾರವಾಡಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಸವದತ್ತಿ ತಲುಪುತ್ತಾರೆ. ಭಾನುವಾರ ದೇವಿಯ ದರ್ಶನ ಮುಗಿಸಿ, ಸೋಮವಾರ ಹೊರಟು ರಾತ್ರಿ ಮನೆ ಸೇರುತ್ತಾರೆ. ಮಂಗಳವಾರ ಮಗಳು ಶಾಲೆಗೆ ಹೋಗುತ್ತಾಳೆ. ಇವರ ಅರ್ಜಿ ಹೀಗಿರಬೇಕು:

ದಿನಾಂಕ: 27-01-2026
ಸ್ಥಳ: ವಾಸ್ಕೋ

ಇಂದ,
(ತಾಯಿ ಅಥವಾ ತಂದೆಯ ಪೂರ್ಣ ಹೆಸರು)
(ಮನೆಯ ವಿಳಾಸ, ಮೊಬೈಲ್ ಸಂಖ್ಯೆ)

ಗೆ,
ತರಗತಿ ಶಿಕ್ಷಕರು,
4ನೇ ತರಗತಿ,
(ಶಾಲೆಯ ಹೆಸರು ಮತ್ತು ಊರು)

ಮಾನ್ಯರೇ,

ವಿಷಯ: ನನ್ನ ಮಗಳು ಕುಮಾರಿ (ಪೂರ್ಣ ಹೆಸರು), ಹಾಜರಿ ಸಂಖ್ಯೆ (ಇಷ್ಟು), ಇವಳಿಗೆ ಮೂರು ದಿನಗಳ ರಜೆ ಕೋರಿ ಅರ್ಜಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಭಾರತ ಹುಣ್ಣಿಮೆಯ ನಿಮಿತ್ತ ನಮ್ಮ ಕುಟುಂಬದವರೆಲ್ಲರೂ ಸವದತ್ತಿಗೆ ಹೋಗುತ್ತಿದ್ದೇವೆ. ಮನೆಯಲ್ಲಿ ಬೇರೆ ಯಾರೂ ಇರದ ಕಾರಣ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಾಗಿದೆ. ಆದ್ದರಿಂದ ಅವಳಿಗೆ ದಿನಾಂಕ 30-01-2026 ಶುಕ್ರವಾರ, 31-01-2026 ಶನಿವಾರ ಮತ್ತು 02-02-2026 ಸೋಮವಾರ, ಒಟ್ಟು ಮೂರು ಶಾಲಾ ದಿನಗಳ ರಜೆಯನ್ನು ಮಂಜೂರು ಮಾಡಬೇಕಾಗಿ ಕೋರುತ್ತೇನೆ.

ಅವಳು ದಿನಾಂಕ 03-02-2026 ಮಂಗಳವಾರದಿಂದ ಶಾಲೆಗೆ ಹಾಜರಾಗುತ್ತಾಳೆ. ಈ ದಿನಗಳಲ್ಲಿ ನಡೆದ ಪಾಠ ಮತ್ತು ಮನೆಗೆಲಸವನ್ನು ಮುಗಿಸಿಕೊಳ್ಳುವಂತೆ ನಾನು ನೋಡಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
(ಸಹಿ)
(ಹೆಸರು, ಮಗುವಿನೊಂದಿಗೆ ಸಂಬಂಧ: ತಾಯಿ / ತಂದೆ)

ಇಷ್ಟೇ. ಒಂದು ಪುಟದ ಒಂದು ಬದಿಗೆ ಮುಗಿಯುತ್ತದೆ. ಇದರಲ್ಲಿ ಯಾವ ಸಾಲು ಏನು ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ಮಗುವಿನ ಹೆಸರನ್ನು ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವಂತೆಯೇ ಬರೆಯಬೇಕು. ಮನೆಯಲ್ಲಿ ಪುಟ್ಟಿ, ಗೌರಿ ಎಂದು ಕರೆದರೂ ದಾಖಲೆಯಲ್ಲಿ ಬೇರೆ ಹೆಸರಿರಬಹುದು. ನಮ್ಮ ಕಡೆಯ ಮಕ್ಕಳಲ್ಲಿ ಒಂದೇ ತರಗತಿಗೆ ಇಬ್ಬರು ಲಕ್ಷ್ಮಿಯರು, ಇಬ್ಬರು ಮಂಜುನಾಥರು ಇರುವುದು ಸಾಮಾನ್ಯ. ತಂದೆಯ ಹೆಸರು, ಅಡ್ಡಹೆಸರು ಮತ್ತು ಹಾಜರಿ ಸಂಖ್ಯೆ ಇದ್ದರೆ ಒಬ್ಬಳ ರಜೆ ಇನ್ನೊಬ್ಬಳ ಹೆಸರಿಗೆ ಬೀಳುವುದಿಲ್ಲ. ಹಾಜರಿ ಸಂಖ್ಯೆ ಗೊತ್ತಿಲ್ಲದಿದ್ದರೆ ಮಗುವನ್ನೇ ಕೇಳಿರಿ, ದಿನಾ ಕೂಗಿ ಹೇಳುವ ಸಂಖ್ಯೆಯಾದ್ದರಿಂದ ಅವರಿಗೆ ಬಾಯಿಪಾಠವಾಗಿರುತ್ತದೆ.

ವಿಷಯದ ಸಾಲಿನಲ್ಲಿ ಯಾರಿಗೆ ಮತ್ತು ಎಷ್ಟು ದಿನ ಎಂಬ ಎರಡೂ ಇರಬೇಕು. ಬರೇ "ರಜೆ ಕೋರಿ" ಎಂದು ಬರೆದರೆ ಶಿಕ್ಷಕರು ಪೂರ್ತಿ ಓದಿಯೇ ತಿಳಿಯಬೇಕಾಗುತ್ತದೆ. ನಲವತ್ತು ಮಕ್ಕಳ ನಡುವೆ ನಿಂತು ಅರ್ಜಿ ತೆಗೆದುಕೊಳ್ಳುವವರು ಮೊದಲು ನೋಡುವುದು ಆ ಒಂದು ಸಾಲನ್ನು.

ದಿನಗಳ ಲೆಕ್ಕದಲ್ಲಿ ತಪ್ಪು ಆಗುವುದು ಹೆಚ್ಚು. "30ರಿಂದ 2ರವರೆಗೆ" ಎಂದರೆ ಲೆಕ್ಕಕ್ಕೆ ನಾಲ್ಕು ದಿನ, ಆದರೆ ನಡುವೆ ಭಾನುವಾರ ಇರುವುದರಿಂದ ಶಾಲೆ ತಪ್ಪುವುದು ಮೂರು ದಿನ. ವಿಷಯದಲ್ಲಿ ಮೂರು, ಒಳಗೆ ನಾಲ್ಕು ಎಂದು ಬಂದರೆ ಓದುವವರು ಯಾವುದನ್ನು ನಂಬಬೇಕು? ಅದಕ್ಕೆ ಮೇಲಿನ ಮಾದರಿಯಲ್ಲಿ ಪ್ರತಿ ದಿನಾಂಕವನ್ನೂ ವಾರದ ಹೆಸರಿನೊಂದಿಗೆ ಬರೆದಿದೆ. ವಾರದ ಹೆಸರು ಬರೆಯುವಾಗ ಕ್ಯಾಲೆಂಡರ್ ನೋಡಲೇಬೇಕಾಗುತ್ತದೆ, ಆಗ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. "ನಾಳೆಯಿಂದ", "ಬರುವ ಶುಕ್ರವಾರ" ಎಂದು ಬರೆಯಬಾರದು. ಅರ್ಜಿಯನ್ನು ಓದುವ ದಿನ ಯಾವುದೋ, ಆ ನಾಳೆ ಯಾವುದೋ.

"ಮಂಗಳವಾರದಿಂದ ಹಾಜರಾಗುತ್ತಾಳೆ" ಎಂಬ ಸಾಲನ್ನು ದಯವಿಟ್ಟು ಬಿಡಬೇಡಿರಿ. ಐದು ವಾರ ಶಾಲೆ ತಪ್ಪಿದ ಆ ಹುಡುಗನ ವಿಷಯದಲ್ಲಿ ಇಲ್ಲದೇ ಹೋದದ್ದು ಇದೇ ಸಾಲು. ಹೇಳಿದ ದಿನ ಬರಲು ಆಗದಿದ್ದರೆ, ರೈಲು ತಪ್ಪಿದರೆ, ಊರಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ, ಶಿಕ್ಷಕರಿಗೆ ಒಂದು ಫೋನ್ ಮಾಡಿ ಹೊಸ ದಿನ ತಿಳಿಸಬೇಕು. ಬಂದ ಮೇಲೆ ಹೆಚ್ಚಾದ ದಿನಗಳಿಗೆ ಇನ್ನೊಂದು ಚಿಕ್ಕ ಅರ್ಜಿ ಕೊಡಬೇಕು.

ಭಾಷೆಯ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ನಾವು ಅಕ್ಕೋರು, ಮಾಸ್ತರು, ಇಯತ್ತೆ, ಸೂಟಿ ಎನ್ನುತ್ತೇವೆ. ಅವು ಒಳ್ಳೆಯ ಮಾತುಗಳೇ. ಆದರೆ ಅರ್ಜಿಯಲ್ಲಿ ಶಿಕ್ಷಕರು, ತರಗತಿ, ರಜೆ ಎಂದು ಬರೆಯುವುದು ರೂಢಿ, ಏಕೆಂದರೆ ಶಿಕ್ಷಕರು ಯಾವ ಜಿಲ್ಲೆಯವರಾದರೂ ಅವು ತಿಳಿಯುತ್ತವೆ. "ಮಾನ್ಯರೇ" ಎಂಬುದು ಬಹುವಚನದ ಗೌರವರೂಪವಾದ್ದರಿಂದ ಗುರುಗಳಿಗೂ ಗುರುಮಾತೆಯರಿಗೂ ಹೊಂದುತ್ತದೆ. "ನೀವು, ನಿಮ್ಮ" ಎನ್ನುವ ಕಡೆ "ತಾವು, ತಮ್ಮ" ಎಂದು ಬರೆದರೆ ಕೊನೆಯವರೆಗೂ ಹಾಗೆಯೇ ಇರಲಿ. ಮೊದಲು "ತಮ್ಮಲ್ಲಿ" ಎಂದು ಬರೆದು ಕೊನೆಗೆ "ರಜೆ ಕೊಡಿ" ಎಂದರೆ ಕೇಳಲು ಒರಟಾಗುತ್ತದೆ. ಹಾಗೆಂದು "ತಮ್ಮ ಪಾದಾರವಿಂದಗಳಲ್ಲಿ" ಎಂಬಂಥ ಒಕ್ಕಣೆಯೂ ಬೇಡ. ಅದರಿಂದ ಪತ್ರ ಉದ್ದವಾಗುತ್ತದೆಯೇ ಹೊರತು ಶಿಕ್ಷಕರಿಗೆ ಬೇಕಾದ ಸಂಗತಿ ಹೆಚ್ಚುವುದಿಲ್ಲ.

ಕಾರಣವನ್ನು ಇದ್ದ ಹಾಗೆ ಬರೆಯುವುದು

ಜಾತ್ರೆಗೆ ಹೋಗುವವರಲ್ಲಿ ಅನೇಕರು ಅರ್ಜಿಯಲ್ಲಿ "ಜ್ವರ" ಎಂದು ಬರೆಯಿರಿ ಎನ್ನುತ್ತಾರೆ. ಜಾತ್ರೆ ಎಂದರೆ ಶಾಲೆಯವರು ಒಪ್ಪುವುದಿಲ್ಲ ಎಂಬ ಭಯ. ನಾನು ಹಾಗೆ ಬರೆದುಕೊಡುವುದಿಲ್ಲ. ಮಗು ಮಂಗಳವಾರ ಹಸಿರು ಬಳೆ ತೊಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು, ಗೆಳತಿಯರಿಗೆ ಪ್ರಸಾದ ಹಂಚುತ್ತ ತರಗತಿಗೆ ಹೋಗುತ್ತದೆ. ಆಗ ಅಪ್ಪ ಬರೆದದ್ದು ಸುಳ್ಳು ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಮೊದಲು ಮಗುವಿಗೇ ಗೊತ್ತಿರುತ್ತದೆ. ಮುಂದೆ ನಿಜವಾಗಿ ಜ್ವರ ಬಂದ ದಿನ ನಿಮ್ಮ ಚೀಟಿಯನ್ನು ಯಾರು ನಂಬಬೇಕು? ಮನೆತನದ ದೇವಿಯ ದರ್ಶನ, ಮದುವೆ, ಹಿರಿಯರ ತಿಥಿ ಇವೆಲ್ಲ ಬರೆಯಬಹುದಾದ ಕಾರಣಗಳೇ. ಶಿಕ್ಷಕರು ಒಂದು ದಿನ ಕಡಿಮೆ ಮಾಡಿರಿ ಎನ್ನಬಹುದು, ಆ ವಾರ ಪರೀಕ್ಷೆ ಇದೆ ಎಂದು ನೆನಪಿಸಬಹುದು. ಅದನ್ನು ಕೇಳಿಕೊಳ್ಳುವುದಕ್ಕಾಗಿಯೇ ಹೊರಡುವ ಮೂರು ದಿನ ಮೊದಲೇ, ಅಂದರೆ 27ಕ್ಕೇ ಅರ್ಜಿ ಕೊಡುವುದು. ಟಿಕೆಟ್ ತೆಗೆಸುವ ಮೊದಲೇ ಪರೀಕ್ಷೆಯ ದಿನಗಳನ್ನು ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಕಾಯಿಲೆಯ ಕಾರಣ ಬರೆಯುವಾಗ ಬೇರೆ ಒಂದು ತೊಂದರೆ ಬರುತ್ತದೆ. ನಮ್ಮ ಓಣಿಯ ತಂದೆಯೊಬ್ಬರು ಒಮ್ಮೆ "ಮನೆಗೆ ಅಮ್ಮ ಬಂದಿರುವುದರಿಂದ ಮಗನನ್ನು ಶಾಲೆಗೆ ಕಳುಹಿಸಲು ಆಗುವುದಿಲ್ಲ" ಎಂದು ಚೀಟಿ ಕಳಿಸಿದ್ದರು. ಶಿಕ್ಷಕಿ ಊರಿಂದ ಅಜ್ಜಿ ಬಂದಿರಬೇಕು ಎಂದು ತಿಳಿದು ಸುಮ್ಮನಾದರು. ಹುಡುಗನಿಗೆ ಆಗಿದ್ದದ್ದು ಚಿಕನ್‌ಪಾಕ್ಸ್. ದೇವಿಯ ಹೆಸರನ್ನು ಬಿಟ್ಟು ರೋಗದ ಹೆಸರು ಹೇಳಬಾರದು ಎಂಬ ಭಕ್ತಿಯಿಂದ ಅವರು ಹಾಗೆ ಬರೆದಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಬೆಂಚಿನ ಇನ್ನಿಬ್ಬರು ಮಕ್ಕಳಿಗೆ ಗುಳ್ಳೆ ಎದ್ದವು.

ಚಿಕನ್‌ಪಾಕ್ಸ್ ಗುಳ್ಳೆ ಕಾಣುವುದಕ್ಕಿಂತ ಒಂದೆರಡು ದಿನ ಮೊದಲೇ ಹರಡಲು ಆರಂಭಿಸುತ್ತದೆ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತಲೇ ಇರುತ್ತದೆ. ಪಕ್ಕದಲ್ಲಿ ಕುಳಿತ ಮಗುವಿಗೆ ಅದು ತಗಲುವುದನ್ನು ಅರ್ಜಿಯಿಂದ ಪೂರ್ತಿ ತಪ್ಪಿಸಲಾಗದು. ಆದರೆ ಶಿಕ್ಷಕರಿಗೆ ಮೊದಲೇ ಗೊತ್ತಾದರೆ ಉಳಿದ ಪಾಲಕರಿಗೆ ಹೇಳುತ್ತಾರೆ, ಮೈಮೇಲೆ ಗುಳ್ಳೆ ಕಂಡ ದಿನವೇ ಅವರು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ. ಆ ತರಗತಿಯ ಯಾರ ಮನೆಯಲ್ಲಾದರೂ ಗರ್ಭಿಣಿಯರಿದ್ದರೆ ಈ ಸುದ್ದಿ ಇನ್ನೂ ಮುಖ್ಯ. ಆದ್ದರಿಂದ ಮನೆಯಲ್ಲಿ ಅಮ್ಮ ಎಂದೇ ಕೈಮುಗಿಯಿರಿ. ಅರ್ಜಿಯಲ್ಲಿ ಮಾತ್ರ ಹೀಗೆ ಬರೆಯಿರಿ: "ನನ್ನ ಮಗನಿಗೆ ನಿನ್ನೆ ದಿನಾಂಕ ಇಂಥದ್ದರಿಂದ ಚಿಕನ್‌ಪಾಕ್ಸ್ (ಅಮ್ಮ) ಆಗಿದೆ ಎಂದು ವೈದ್ಯರು ತಿಳಿಸಿದ್ದಾರೆ. ಗುಳ್ಳೆಗಳೆಲ್ಲ ಒಣಗಿದ ಮೇಲೆ ವೈದ್ಯರ ಸಲಹೆ ಪಡೆದು ಶಾಲೆಗೆ ಕಳುಹಿಸುತ್ತೇನೆ."

ಇಲ್ಲಿ ತಿರುಗಿ ಬರುವ ದಿನಾಂಕವನ್ನು ಮೊದಲೇ ಹೇಳಲು ಬರುವುದಿಲ್ಲ. ಆದರೂ ಯಾವಾಗ ಬರುತ್ತಾನೆ ಎಂಬ ಮಾತು ಇದೆ, ಗಮನಿಸಿರಿ. ದಿನ ಗೊತ್ತಿಲ್ಲದಾಗ ಯಾವುದು ಆದ ಮೇಲೆ ಬರುತ್ತಾನೆ ಎಂಬುದನ್ನಾದರೂ ಬರೆಯಬೇಕು.

ರಜೆ ಮುಗಿದ ಮೇಲೆ ಕೊಡುವ ಅರ್ಜಿ

ಜ್ವರ ಹೇಳಿ ಕೇಳಿ ಬರುವುದಿಲ್ಲ. ಬೆಳಿಗ್ಗೆ ಏಳುವಾಗ ಮಗುವಿನ ಮೈ ಕಾದಿದ್ದರೆ ಶಿಕ್ಷಕರಿಗೆ ಫೋನಿನಲ್ಲಿ ತಿಳಿಸುತ್ತೀರಿ, ಅರ್ಜಿಯನ್ನು ಮಗು ತಿರುಗಿ ಹೋಗುವ ದಿನ ಕೊಡುತ್ತೀರಿ. ಆಗ "ರಜೆ ಮಂಜೂರು ಮಾಡಬೇಕು" ಎಂದು ಬರೆದರೆ ಅರ್ಥ ಕೂಡುವುದಿಲ್ಲ, ರಜೆ ಆಗಿಹೋಗಿದೆ. ವಾಕ್ಯ ಹೀಗಿರಬೇಕು:

"ನನ್ನ ಮಗನಿಗೆ ಜ್ವರ ಬಂದಿದ್ದರಿಂದ ಅವನು ದಿನಾಂಕ 12-01-2026 ಸೋಮವಾರ ಮತ್ತು 13-01-2026 ಮಂಗಳವಾರ ಶಾಲೆಗೆ ಹಾಜರಾಗಲು ಸಾಧ್ಯವಾಗಿರುವುದಿಲ್ಲ. ಸದರಿ ಎರಡು ದಿನಗಳನ್ನು ರಜೆಯೆಂದು ಪರಿಗಣಿಸಬೇಕಾಗಿ ವಿನಂತಿ. ಈ ದಿನದಿಂದ ಅವನನ್ನು ಶಾಲೆಗೆ ಕಳುಹಿಸುತ್ತಿದ್ದೇನೆ."

ಈ ಅರ್ಜಿಯ ಮೇಲೆ ಕೊಡುವ ದಿನದ ತಾರೀಖನ್ನೇ ಹಾಕಬೇಕು. 14ಕ್ಕೆ ಬರೆದು 11 ಎಂದು ಹಿಂದಿನ ತಾರೀಖು ಹಾಕುವ ಅಭ್ಯಾಸ ಕೆಲವರಿಗಿದೆ. ಗುಮಾಸ್ತನಾಗಿ ಕೆಲಸ ಮಾಡಿದ ವರ್ಷಗಳಲ್ಲಿ ಇಂಥ ಅರ್ಜಿಗಳನ್ನು ನಾನು ಬಹಳ ನೋಡಿದ್ದೇನೆ, ಜ್ವರ ಬರುವ ಮೊದಲೇ ಜ್ವರಕ್ಕೆ ರಜೆ ಕೇಳಿದ ಅರ್ಜಿಗಳು ಅವು. ತಡವಾಗಿ ಕೊಡುವುದು ತಪ್ಪಲ್ಲ, ತಡವನ್ನು ಮುಚ್ಚುವುದು ತಪ್ಪು. ವೈದ್ಯರ ಚೀಟಿ ಇದ್ದರೆ ಅದರ ನಕಲನ್ನು ಪಿನ್ ಮಾಡಿ, ಅರ್ಜಿಯ ಕೆಳಗೆ "ಅಡಕ: ವೈದ್ಯರ ಚೀಟಿಯ ನಕಲು" ಎಂದು ಬರೆಯಿರಿ. ಹಾಗೆ ಬರೆದಿದ್ದರೆ ಪಿನ್ ಬಿಟ್ಟು ಚೀಟಿ ಕಳೆದರೂ ಅದು ಇತ್ತೆಂಬುದು ಉಳಿಯುತ್ತದೆ.

ಅರ್ಜಿಯಿಂದ ಆಗದ ಕೆಲಸ

ಅರ್ಜಿ ಕೊಟ್ಟ ಮಾತ್ರಕ್ಕೆ ಆ ದಿನದ ಹಾಜರಿ ಬೀಳುವುದಿಲ್ಲ. ಮಗು ಬಂದಿರಲಿಲ್ಲ, ಕಾರಣ ಇತ್ತು ಎಂದಷ್ಟೇ ಅದು ಹೇಳುತ್ತದೆ. ಚಿಕ್ಕ ತರಗತಿಗಳಲ್ಲಿ ಇದು ದೊಡ್ಡ ಸಂಗತಿ ಎನಿಸದು. ಆದರೆ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೂ ಸಿಬಿಎಸ್‌ಇ ಹತ್ತನೇ ತರಗತಿಗೂ ಶೇಕಡಾ 75 ಹಾಜರಿ ಬೇಕೆಂಬ ನಿಯಮವಿದೆ. ಹತ್ತಿರ ಹತ್ತಿರ 200 ದಿನ ಶಾಲೆ ನಡೆದರೆ 50 ದಿನ ತಪ್ಪಿಸಿದಾಗಲೇ ಆ ಗೆರೆ ಬರುತ್ತದೆ. ಹುಣ್ಣಿಮೆಗೆ ಮೂರು, ಮದುವೆಗೆ ನಾಲ್ಕು, ಊರ ಜಾತ್ರೆಗೆ ಐದು ಎಂದು ಕೂಡಿಸುತ್ತಾ ಹೋದ ಮೇಲೆ ಜ್ವರಕ್ಕೆಂದು ಉಳಿಯುವುದು ಎಷ್ಟು ಎಂದು ದೊಡ್ಡ ಮಕ್ಕಳ ಪಾಲಕರು ಲೆಕ್ಕ ಇಟ್ಟುಕೊಳ್ಳಬೇಕು. ಖಾನಾಪುರ, ಕಾರವಾರ, ಜೊಯಿಡಾ ಕಡೆಯ ನಮ್ಮ ಸದಸ್ಯರಿಗೆ ಇದು ನೇರವಾಗಿ ಸಂಬಂಧಿಸಿದ್ದು.

ಇನ್ನು ವಾರಕ್ಕಿಂತ ಹೆಚ್ಚಿನ ರಜೆ ಬೇಕಾದಾಗ ಅರ್ಜಿಯನ್ನು ಮುಖ್ಯೋಪಾಧ್ಯಾಯರಿಗೆ ಬರೆದು, ವಿಳಾಸದ ಕೆಳಗೆ "ತರಗತಿ ಶಿಕ್ಷಕರ ಮೂಲಕ" ಎಂದು ಸೇರಿಸುವುದು ಒಳ್ಳೆಯದು. ಕಾಗದವನ್ನು ಕೊಡುವುದು ತರಗತಿ ಶಿಕ್ಷಕರ ಕೈಗೇ. ಅವರು ನೋಡಿ ಮೇಲೆ ಕಳಿಸುತ್ತಾರೆ. ಇದರಿಂದ ಇಬ್ಬರಿಗೂ ವಿಷಯ ತಿಳಿದಿರುತ್ತದೆ, ಒಬ್ಬರಿಗೆ ವರ್ಗವಾದರೂ ಇನ್ನೊಬ್ಬರ ಬಳಿ ಕಾಗದ ಇರುತ್ತದೆ. ಆ ಹುಡುಗನ ಮನೆಯವರು ಹೀಗೆ ಮಾಡಿದ್ದರೆ ಹೊಸ ಶಿಕ್ಷಕರಿಗೆ ಅವನು ಬರುವ ದಿನ ಮೊದಲೇ ಗೊತ್ತಿರುತ್ತಿತ್ತು.

ಎರಡು ಮೂರು ತಿಂಗಳು ಊರಲ್ಲೇ ಇರಬೇಕಾಗಿ ಬಂದರೆ ರಜಾ ಅರ್ಜಿಯ ದಾರಿ ಹಿಡಿಯಬೇಡಿರಿ. ಅಷ್ಟು ದಿನ ಮಗು ಪಾಠವಿಲ್ಲದೆ ಇರಬಾರದು, ಊರಿನ ಶಾಲೆಗೆ ಸೇರಿಸಬೇಕು. ಅದಕ್ಕೆ ಬೇಕಾದದ್ದು ವರ್ಗಾವಣೆ ಪತ್ರ, ನಾವು ಟಿಸಿ ಎನ್ನುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ 6ರಿಂದ 14 ವರ್ಷದ ಮಗು ಯಾವ ಕಾರಣಕ್ಕೇ ಆಗಲಿ ರಾಜ್ಯದ ಒಳಗೆ ಅಥವಾ ಹೊರಗೆ ಸರ್ಕಾರಿ ಇಲ್ಲವೆ ಅನುದಾನಿತ ಶಾಲೆಗೆ ವರ್ಗವಾಗಬಹುದು. ಮುಖ್ಯೋಪಾಧ್ಯಾಯರು ಟಿಸಿಯನ್ನು ಕೂಡಲೇ ಕೊಡಬೇಕು. ಟಿಸಿ ತಡವಾಗಿ ಬಂತೆಂಬ ಕಾರಣಕ್ಕೆ ಹೊಸ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. ಗೋವಾದಿಂದ ಬಾಗಲಕೋಟೆಗೆ ಹೋದರೂ, ತಿರುಗಿ ಬಂದರೂ ಇದೇ ನಿಯಮ.

ಕೊನೆಯದಾಗಿ ಎರಡು ಸೂಚನೆ

ಕನ್ನಡದ ಅರ್ಜಿ ಕನ್ನಡ ಓದುವ ಶಿಕ್ಷಕರಿಗೆ. ನಿಮ್ಮ ಮಗು ಮರಾಠಿ, ಕೊಂಕಣಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿದ್ದರೆ ಆ ಶಾಲೆಯ ಭಾಷೆಯಲ್ಲೇ ಬರೆಯಿರಿ. ಕ್ರಮ ಇದೇ: ಯಾರು, ಯಾವ ದಿನಗಳು, ಏಕೆ, ತಿರುಗಿ ಯಾವಾಗ. ಕನ್ನಡ ಶಾಲೆಯಲ್ಲಿದ್ದರೆ ಮಾತ್ರ ಇಂಗ್ಲಿಷಿನಲ್ಲಿ ಬರೆದರೇ ಮರ್ಯಾದೆ ಎಂದು ತಿಳಿಯಬೇಡಿರಿ. ತಾಯಿ ತನ್ನ ಕೈಯಾರೆ ಬರೆದ ನಾಲ್ಕು ಸಾಲು ಕನ್ನಡ ಸಾಕು. ಅಕ್ಷರ ಬಾರದ ಪಾಲಕರು ಬೇರೆಯವರಿಂದ ಬರೆಸಿ, ಒಮ್ಮೆ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಬಹುದು. ಬರೆದವರ ಹೆಸರನ್ನು ಪಕ್ಕದಲ್ಲಿ "ಬರೆದವರು" ಎಂದು ಹಾಕಿಸಿರಿ. ಮಗುವಿನ ಕೈಯಲ್ಲೇ ಅಪ್ಪನ ಸಹಿ ಮಾಡಿಸುವುದು ಬೇಡ, ಒಮ್ಮೆ ಕಲಿತರೆ ಅವರು ಆ ವಿದ್ಯೆಯನ್ನು ಮರೆಯುವುದಿಲ್ಲ.

ಅರ್ಜಿ ಕೊಡುವ ಮೊದಲು ಅದರ ಒಂದು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿರಿ. ಹಿಂದೆ ನಾವು ಕಾರ್ಬನ್ ಹಾಳೆ ಇಟ್ಟು ಸ್ಥಳಪ್ರತಿ ಮಾಡಿಕೊಳ್ಳುತ್ತಿದ್ದೆವು, ಈಗ ಅಷ್ಟು ಶ್ರಮವಿಲ್ಲ.

ಹುಣ್ಣಿಮೆಗೆ ಹೋಗುವವರಲ್ಲಿ ಅರ್ಜಿ ಬರೆಯಲು ಅನುಮಾನವಿರುವವರು ತಾವೇ ಬರೆದ ಕರಡನ್ನು ತೆಗೆದುಕೊಂಡು ಸಂಘದ ಕಚೇರಿಗೆ ಬರಬಹುದು. ತಿದ್ದಿ ಕೊಡುತ್ತೇನೆ. ಬರುವಾಗ ಮಗುವಿನ ಹಾಜರಿ ಸಂಖ್ಯೆಯನ್ನು ಕೇಳಿಕೊಂಡು ಬನ್ನಿರಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ